ಎಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿಟ್ಟಿದ್ದೀರಾ? ಬಾಟಲಿ ಹೊರಗಿದೆಯಾ, ಫ್ರಿಜ್ಜಲ್ಲಿದೆಯಾ?

ಮೂಡಿಗೆರೆ ಕಡೆ ನೆಂಟರ ಹೋಂಸ್ಟೇಗೆ ಹೋಗಿದ್ದಾಗ ಅಡುಗೆಮನೆ ಕಿಟಕಿಯಲ್ಲಿ ಒಂದು ಚೆಂದದ ಬಾಟಲಿ ಕಂಡಿತು. ಒಳಗೆ ಸುಲಿದ ಬೆಳ್ಳುಳ್ಳಿ, ಒಂದು ರೋಸ್‌ಮೇರಿ ಕಡ್ಡಿ, ಮುಚ್ಚಳದವರೆಗೂ ಎಣ್ಣೆ. "ಮೂರು ವಾರ ಆಯ್ತು, ಏನೂ ಕೆಟ್ಟಿಲ್ಲ ನೋಡಿ, ನಮ್ಮೂರು ತಂಪಲ್ವಾ" ಎಂದರು ಅತ್ತಿಗೆ. ಮೂಸಿದೆ, ಘಮ್ಮೆನ್ನುತ್ತಿತ್ತು. ಆದರೂ ಎಸೆಯಿರಿ ಎಂದೆ.

ಬೊಟುಲಿಸಂ ಅನ್ನೋ, ನರಗಳನ್ನು ಸೋಲಿಸುವ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲಿರುತ್ತವೆ, ಹಾಗಾಗಿ ಬೆಳ್ಳುಳ್ಳಿ, ಸೊಪ್ಪು ಎಲ್ಲದರ ಮೇಲೂ ಬರುತ್ತವೆ. ಗಾಳಿ ಇದ್ದರೆ ಸುಮ್ನೆ ಬಿದ್ದಿರುತ್ತವೆ. ಎಣ್ಣೆಯಲ್ಲಿ ಮುಳುಗಿಸಿದರೆ ಗಾಳಿ ಇಲ್ಲ, ಬೆಳ್ಳುಳ್ಳಿಯಲ್ಲಿ ನೀರಿದೆ, ಹುಳಿ ಇಲ್ಲ. ಅವಕ್ಕೆ ಬೇಕಾದ್ದೇ ಅದು. ಚಿಕ್ಕಮಗಳೂರಿನ ತಂಪು ಅವನ್ನು ತಡೆಯುವಷ್ಟು ತಂಪಲ್ಲ. ಅವು ಬೆಳೆದು ಬಿಡುವ ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಎಣ್ಣೆ ಕಾಯಿಸಿ ಹಾಕಿದರೂ ಬೀಜಕಣ ಸಾಯುತ್ತದೆ ಅಂತ ನಂಬಬೇಡಿ. ನೀರು ಕುದಿಯುವ ಶಾಖವನ್ನೂ ಅವು ತಡೆದುಕೊಳ್ಳುತ್ತವೆ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಹೋಟೆಲಿನವರು ಎಣ್ಣೆಯಲ್ಲಿದ್ದ ಬೆಳ್ಳುಳ್ಳಿಯನ್ನು ಫ್ರಿಜ್ಜಿಗಿಡದೆ ಬಳಸಿ 36 ಜನ ಹಾಸಿಗೆ ಹಿಡಿದರು.

ಹಾಗಾದರೆ ಹೇಗೆ ಮಾಡೋದು? ಸುಲಭದ ದಾರಿ: ಬೇಕಾದಷ್ಟೇ ಮಾಡಿ, ಮಾಡಿದ ಕೂಡಲೇ ಫ್ರಿಜ್ಜಿಗಿಡಿ, ಬಾಟಲಿಗೆ ತಾರೀಖಿನ ಚೀಟಿ ಅಂಟಿಸಿ, 4 ದಿನದಲ್ಲಿ ಮುಗಿಸಿ. ಜಾಸ್ತಿ ಉಳಿದರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ಗೆ ಸೇರಿಸಿ, ಒಗ್ಗರಣೆಗೆ ಒಂದೊಂದೇ ಗಟ್ಟಿ ತೆಗೆದುಕೊಳ್ಳಬಹುದು.

ಅತ್ತಿಗೆಗೆ ಅತಿಥಿಗಳಿಗೆ ತೋರಿಸಲು ಹೊರಗಿಡುವ ಬಾಟಲಿಯೇ ಬೇಕಿತ್ತು. ಅದಕ್ಕೆ ಮೊದಲು ಬೆಳ್ಳುಳ್ಳಿಗೆ ಹುಳಿ ಹಿಡಿಸಬೇಕು. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, 16 ಗ್ರಾಂ ತೂಗಿ ಅರ್ಧ ಲೀಟರ್ ಉಗುರುಬೆಚ್ಚನೆ ನೀರಿಗೆ ಕರಗಿಸಿದೆವು. 150 ಗ್ರಾಂ ಬೆಳ್ಳುಳ್ಳಿಯನ್ನು ಕಾಲು ಇಂಚಿಗಿಂತ ಸಣ್ಣಗೆ ಹೆಚ್ಚಿ ಅದರಲ್ಲಿ ಹಾಕಿದೆವು. ಇಡೀ ಎಸಳು ಹಾಕಿದರೆ ಹುಳಿ ನಡುವಿಗೆ ಇಳಿಯುವುದಿಲ್ಲ, ಮಾಡಿದ್ದೆಲ್ಲ ವ್ಯರ್ಥ. ಚೂರುಗಳು ತೇಲದಂತೆ ಮೇಲೊಂದು ಚಿಕ್ಕ ತಟ್ಟೆ ಒತ್ತಿಟ್ಟು 24 ಗಂಟೆ ಬಿಟ್ಟೆವು. ಮರುದಿನ ಚೆನ್ನಾಗಿ ಸೋಸಿ, ಒಂದು ಪಾಲು ಬೆಳ್ಳುಳ್ಳಿಗೆ ಹತ್ತು ಪಾಲು ಎಣ್ಣೆ ತೂಕದಲ್ಲಿ ಸೇರಿಸಿದೆವು. ನಿಂಬೆರಸ, ವಿನೆಗರ್ ಸುರಿದು ಇದೇ ಕೆಲಸ ಆಗುತ್ತದೆ ಅಂತ ಅಂದಾಜು ಮಾಡಬೇಡಿ, ಹುಳಿಯ ಲೆಕ್ಕ ಬದಲಾಗುತ್ತದೆ. ರೋಸ್‌ಮೇರಿಗೂ ಇದೇ ನೆನೆಸು, ಆದರೆ ಸೊಪ್ಪು ಒಂದು ಪಾಲಿಗೆ ಹುಳಿನೀರು ಹತ್ತು ಪಾಲು. ಬೇರೆ ಸೊಪ್ಪಿಗೆ, ನಮ್ಮ ಕರಿಬೇವಿಗೂ, ಈ ಲೆಕ್ಕ ಹಾಕಬೇಡಿ. ಅವನ್ನು ಫ್ರಿಜ್ಜಲ್ಲೇ ಇಡಿ.

ಹೊರಗಿಟ್ಟ ಹಳೇ ಬಾಟಲಿ ನಿಮ್ಮ ಮನೆಯಲ್ಲಿದ್ದರೆ ರುಚಿ ನೋಡಬೇಡಿ, ಹಸು ನಾಯಿಗಳಿಗೆ ಸಿಗದಂತೆ ಕವರಿನಲ್ಲಿ ಕಟ್ಟಿ ಬಿಸಾಡಿ. ಈಗಾಗಲೇ ತಿಂದಿದ್ದು, ಕಣ್ಣಿನ ರೆಪ್ಪೆ ಜೋತು ಬೀಳೋದು, ಒಂದು ಎರಡಾಗಿ ಕಾಣೋದು, ಮಾತು ತೊದಲೋದು, ನುಂಗಲು ಕಷ್ಟವಾಗೋದು ಕಂಡರೆ ನಾಳೆ ನೋಡೋಣ ಅನ್ನದೆ ದೊಡ್ಡಾಸ್ಪತ್ರೆಗೆ ಓಡಿ, ಎಣ್ಣೆಯ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ಸಾಮಾನ್ಯವಾಗಿ ತಿಂದ 12ರಿಂದ 36 ಗಂಟೆಯಲ್ಲಿ ಶುರುವಾಗುತ್ತದೆ, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ.