ಎರಡನೇ ವರ್ಷದಲ್ಲಿ ಮೊದಲ ಕ್ಲೌಡ್ ಸರ್ಟಿಫಿಕೇಟ್: ನಾನು ಅಜೂರ್ ಆರಿಸಿಕೊಂಡಿದ್ದು ಯಾಕೆ

ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಕ್ಲೌಡ್ ಸರ್ಟಿಫಿಕೇಟ್ ಅಂದರೆ ಸೀನಿಯರ್‌ಗಳೆಲ್ಲ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್ ಅಂದರು. ನಾನು ಆರಿಸಿದ ಅಜೂರ್ ಮೈಕ್ರೋಸಾಫ್ಟ್‌ನ ಕ್ಲೌಡ್. ನಾನು ಮೊದಲು ಬೆಂಗಳೂರಿನ ಕೆಲಸದ ಜಾಹೀರಾತುಗಳನ್ನು ಓದಲು ಕೂತೆ.

ಸುಮ್ನೆ ಹುಡುಕಿದಾಗ ಎಡಬ್ಲ್ಯೂಎಸ್ ಹೆಸರೇ ಜಾಸ್ತಿ ಕಂಡಿತು. ಆದರೆ ಅವುಗಳಲ್ಲಿ ಬಹಳಷ್ಟು ಮೂರು ವರ್ಷದ ಅನುಭವ ಕೇಳುತ್ತಿದ್ದವು. ಅವನ್ನೆಲ್ಲ ಬಿಟ್ಟು, ಫ್ರೆಷರ್‌ಗಳ ಕೆಲಸವನ್ನಷ್ಟೇ ನೋಡಿದೆ. ಅಲ್ಲಿ ‘ಎಡಬ್ಲ್ಯೂಎಸ್ ಅಥವಾ ಅಜೂರ್ ಗೊತ್ತಿದ್ದರೆ ಒಳ್ಳೆಯದು’ ಎಂಬಂಥ ಸಾಲುಗಳೇ ಹೆಚ್ಚು. ಕಡ್ಡಾಯ ಎಂದು ಬರೆದಿದ್ದದ್ದು ಲಿನಕ್ಸ್, ನೆಟ್‌ವರ್ಕಿಂಗ್, ಎಸ್‌ಕ್ಯೂಎಲ್. ಹಾಗಾದರೆ ಇವನ್ನು ಕೈಯಾರೆ ಮಾಡಿ ಕಲಿಯಲು ಯಾರು ಅನುಕೂಲ ಮಾಡಿಕೊಡುತ್ತಾರೋ ಅವರನ್ನೇ ಆರಿಸಬೇಕು ಅಲ್ವಾ?

ಆಗ ಕ್ಲೌಡ್ ಬಳಸಿ ಕಲಿಯಲು ಕಂಪನಿಗಳು ಕೊಡುವ ಉಚಿತ ಕ್ರೆಡಿಟ್ ಹೋಲಿಸಿದೆ. ಗೂಗಲ್ 300 ಡಾಲರ್ ಕೊಡುತ್ತದೆ, ಆದರೆ 90 ದಿನಕ್ಕೆ ಮಾತ್ರ. ಸೆಮಿಸ್ಟರ್ ಪರೀಕ್ಷೆ ನಡುವೆ ಬಂದರೆ ಅದು ಮುಗಿದೇ ಹೋಗುತ್ತದೆ. ಅದಕ್ಕೂ ಎಡಬ್ಲ್ಯೂಎಸ್ ಖಾತೆಗೂ ಕಾರ್ಡ್ ಬೇಕು. ನನ್ನ ಹತ್ತಿರ ಇಲ್ಲ, ಅಪ್ಪನ ಕಾರ್ಡ್ ಹಾಕಲು ಮನಸ್ಸಾಗಲಿಲ್ಲ. ಅಜೂರ್‌ನ ವಿದ್ಯಾರ್ಥಿ ಖಾತೆಗೆ ಕಾಲೇಜಿನ ಇಮೇಲ್ ಸಾಕು. ವರ್ಷಕ್ಕೆ 100 ಡಾಲರ್ ಸಿಗುತ್ತದೆ. ವಿದ್ಯಾರ್ಥಿಯಾಗಿರುವವರೆಗೆ ಮುಂದಿನ ವರ್ಷ ಮತ್ತೆ ನವೀಕರಿಸಬಹುದು. ಕ್ರೆಡಿಟ್ ಮುಗಿದರೆ ಖಾತೆ ನಿಲ್ಲುತ್ತದೆ, ಮನೆಗೆ ಬಿಲ್ ಬರುವುದಿಲ್ಲ.

ಇನ್ನೊಂದು ಲೆಕ್ಕ ಅವಧಿಯದು. ಎಡಬ್ಲ್ಯೂಎಸ್ ಕ್ಲೌಡ್ ಪ್ರಾಕ್ಟೀಷನರ್ ಸರ್ಟಿಫಿಕೇಟ್ ಮೂರು ವರ್ಷಕ್ಕೆ ಮುಗಿಯುತ್ತದೆ. ಎರಡನೇ ವರ್ಷದಲ್ಲೇ ಬರೆದರೆ ಅದರಲ್ಲಿ ಹೆಚ್ಚಿನ ಕಾಲ ಕಾಲೇಜಿನಲ್ಲೇ ಕಳೆಯುತ್ತದೆ. ಅಜೂರ್‌ನ ಮೊದಲ ಪರೀಕ್ಷೆ AZ-900ಗೆ ಅವಧಿ ಇಲ್ಲ, 1000ಕ್ಕೆ 700 ಬಂದರೆ ಪಾಸು. ನನ್ನ ಆಯ್ಕೆ ಅಲ್ಲಿಗೆ ನಿಂತಿತು.

ಆದರೆ AZ-900 ಬರೀ ಮೂಲ ಪರಿಕಲ್ಪನೆಗಳ ಪರೀಕ್ಷೆ. ಅದೊಂದನ್ನೇ ತೋರಿಸಿದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಅದಕ್ಕೇ ಕ್ರೆಡಿಟ್‌ನಲ್ಲಿ ಒಂದು ಚಿಕ್ಕ ಲಿನಕ್ಸ್ ಮಷೀನ್ ಮಾಡಿ, ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕಿ, ಬೇಕಾದ ಪೋರ್ಟ್ ಮಾತ್ರ ತೆರೆಯುವುದನ್ನು ಕಲಿಯುತ್ತಿದ್ದೇನೆ. ಇಲ್ಲಿ ಒಂದು ವಿಷಯ ಗಮನಿಸಿ. ಲಿನಕ್ಸ್ ಒಳಗಿಂದ ಶಟ್‌ಡೌನ್ ಕೊಟ್ಟರೆ ಮಷೀನ್ ನಿಂತಂತೆ ಕಾಣುತ್ತದೆ, ಆದರೆ ಬಾಡಿಗೆ ಓಡುತ್ತಲೇ ಇರುತ್ತದೆ. ಬಾಡಿಗೆ ನಿಲ್ಲಬೇಕಾದರೆ ಮಷೀನನ್ನು ಹೀಗೆ ಬಿಟ್ಟುಕೊಡಬೇಕು:

```
az vm deallocate --resource-group kalike --name linux1
```

ಆಮೇಲೂ ಡಿಸ್ಕ್‌ಗೆ ಸ್ವಲ್ಪ ಹಣ ಹೋಗುತ್ತದೆ. ಕೆಲಸ ಪೂರ್ತಿ ಮುಗಿದಾಗ ಮಷೀನ್, ಡಿಸ್ಕ್ ಎಲ್ಲ ಒಟ್ಟಿಗೆ ಇರುವ ಇಡೀ ರಿಸೋರ್ಸ್ ಗ್ರೂಪನ್ನೇ ಅಳಿಸುತ್ತೇನೆ. ಮರುದಿನ ಖರ್ಚಿನ ಪುಟದಲ್ಲಿ ಗೆರೆ ಏರಿದೆಯಾ ಅಂತ ನೋಡುತ್ತೇನೆ.

ಪರೀಕ್ಷೆಯನ್ನು ಮನೆಯಿಂದಲೂ ಬರೆಯಬಹುದು, ಕ್ಯಾಮೆರಾ ಎದುರು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ. ದೀಪಾವಳಿ ಕಳೆದ ಮೇಲಿನ ದಿನಾಂಕವನ್ನೇ ಹಿಡಿದಿದ್ದೇನೆ.