ಮ್ಯಾನೇಜರ್ ಮುನಿಸಿಕೊಳ್ಳದಂತೆ ಬೇರೆ ವಿಭಾಗಕ್ಕೆ ಹೋಗುವುದು ಹೇಗೆ?

ಕಂಪನಿಯ ಒಳಗಿನವರಿಗಷ್ಟೇ ಪ್ರಕಟಿಸುವ ಖಾಲಿ ಹುದ್ದೆಗೆ ಐಟಿ ವಲಯದಲ್ಲಿ ‘ಐಜೆಪಿ’ ಅನ್ನುತ್ತಾರೆ. ಅರ್ಜಿ ತುಂಬುವುದು ಹತ್ತು ನಿಮಿಷದ ಕೆಲಸ. ‘ಸೆಲೆಕ್ಟ್ ಆದಮೇಲೆ ಮ್ಯಾನೇಜರ್‌ಗೆ ಹೇಳಿದರಾಯಿತು’ ಎಂದುಕೊಂಡು ಸದ್ದಿಲ್ಲದೆ ಅರ್ಜಿ ಹಾಕುವಲ್ಲೇ ಬಹುತೇಕರು ಎಡವುವುದು. ಎಷ್ಟೋ ಕಂಪನಿಗಳ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದ ಕೂಡಲೇ ಮ್ಯಾನೇಜರ್‌ಗೆ ಮೇಲ್ ತಾನಾಗಿಯೇ ಹೋಗುತ್ತದೆ. ನಿಮ್ಮ ಬಾಯಿಂದ ಕೇಳಬೇಕಾದದ್ದನ್ನು ಅವರು ಯಂತ್ರದಿಂದ ತಿಳಿಯುತ್ತಾರೆ.

1. ನಿಯಮ ಓದಿ. ಈಗಿನ ಜಾಗದಲ್ಲಿ ಎಷ್ಟು ತಿಂಗಳು ಕಳೆದಿರಬೇಕು, ಆಯ್ಕೆಯಾದ ಮೇಲೆ ಮ್ಯಾನೇಜರ್ ನಿಮ್ಮನ್ನು ಎಷ್ಟು ದಿನದೊಳಗೆ ಬಿಟ್ಟುಕೊಡಬೇಕು: ಈ ಎರಡನ್ನು ಬರೆದಿಟ್ಟುಕೊಳ್ಳಿ.

2. ಆ ಕಡೆಯ ಮ್ಯಾನೇಜರ್ ಜತೆ ಕಾಲು ಗಂಟೆ ಮಾತಾಡಿ. ಕೆಲಸ ಏನು ಎಂದು ಕೇಳಿ, ಅಷ್ಟೇ. ಬರುತ್ತೇನೆಂದು ಅಲ್ಲೇ ಒಪ್ಪಿಕೊಂಡುಬಿಟ್ಟರೆ ಅವರು ನಿಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿ ಹೆಣ್ಣು ಕೇಳುವವರಂತೆ ವಿಚಾರಿಸುತ್ತಾರೆ. ಅದು ಮೇಲ್‌ಗಿಂತ ಕೆಟ್ಟದ್ದು.

3. ನಿಮ್ಮ ಮ್ಯಾನೇಜರ್‌ಗೆ ಹೇಳಿ. ಕಷ್ಟದ ಹಂತ ಇದೇ. ಚಾಟ್‌ನಲ್ಲಿ ಬೇಡ, ರಿಲೀಸ್ ಇರುವ ವಾರ ಬೇಡ. ಇಬ್ಬರೇ ಕೂರುವ ಮೀಟಿಂಗ್‌ನಲ್ಲಿ, ಬೇರೆ ಕೆಲಸದ ಮಾತಿಗೆ ಮುಂಚೆ ಹೇಳಿ.

ಒಂದು ಉದಾಹರಣೆ ನೋಡೋಣ. ಬ್ಯಾಂಕಿಂಗ್ ಪ್ರಾಜೆಕ್ಟ್‌ನಲ್ಲಿ ಮೂರು ವರ್ಷದಿಂದಿರುವ ಟೆಸ್ಟರ್ ಒಬ್ಬಳು ಡೇಟಾ ವಿಭಾಗಕ್ಕೆ ಹೋಗಬೇಕೆಂದಿದ್ದಾಳೆ. ಮ್ಯಾನೇಜರ್‌ಗೆ ಅವಳು ಹೋಗುವುದಕ್ಕಿಂತ ಆ ಕುರ್ಚಿ ಖಾಲಿ ಬೀಳುವುದರ ಚಿಂತೆ: ಕ್ಲೈಂಟ್ ಆ ಹುದ್ದೆಗೆ ಹಣ ಕೊಡುತ್ತಿದ್ದಾನೆ, ಬದಲಿ ಜನಕ್ಕೆ ಮಂಜೂರಾತಿ ಬೇಗ ಸಿಗುವುದಿಲ್ಲ. ಹಾಗಾಗಿ ಬರಿಗೈಯಲ್ಲಿ ಹೋಗಬಾರದು. ಒಂದೇ ಹಾಳೆಯಲ್ಲಿ ಮೂರು ಕಾಲಂ ಹಾಕಲಿ: ಕೆಲಸ, ಅದು ಇನ್ನಾರಿಗೆ ಗೊತ್ತು, ಕಲಿಸಲು ಎಷ್ಟು ದಿನ.

ದಿನನಿತ್ಯದ ಟೆಸ್ಟ್‌ಗಳು ಇನ್ನಿಬ್ಬರಿಗೆ ಗೊತ್ತು, ಒಂದು ವಾರ ಸಾಕು. ತಿಂಗಳ ಕೊನೆಯ ಲೆಕ್ಕ ತಾಳೆ ನೋಡುವ ಕೆಲಸ ಅವಳೊಬ್ಬಳಿಗೇ ಗೊತ್ತು. ಅದಕ್ಕೆ ಎರಡು ತಿಂಗಳ ಕೊನೆ ಬೇಕು: ಮೊದಲನೆಯದರಲ್ಲಿ ಹೊಸಬ ಪಕ್ಕದಲ್ಲಿ ಕೂತು ನೋಡಬೇಕು, ಎರಡನೆಯದರಲ್ಲಿ ತಾನೇ ಮಾಡಬೇಕು, ಅವಳು ನೋಡುತ್ತಿರಬೇಕು. ಜೂನ್ ಮೊದಲ ವಾರ ಮಾತಾಡಿದರೆ ಜೂನ್ 30, ಜುಲೈ 31 ಸಿಗುತ್ತವೆ. ಆಗಸ್ಟ್ 10ಕ್ಕೆ ಬಿಡುಗಡೆ ಕೇಳಬಹುದು. ಇಂಟರ್‌ನೆಟ್‌ನಲ್ಲಿ ಸಿಗುವ ಹನ್ನೆರಡು ಪುಟದ ಹ್ಯಾಂಡೋವರ್ ನಮೂನೆಗಳನ್ನು ಮುಟ್ಟಬೇಡಿ, ಅವನ್ನು ಯಾರೂ ಓದುವುದಿಲ್ಲ.

ಮಾತು ಹೀಗಿದ್ದರೆ ಸಾಕು: “ಸರ್, ಡೇಟಾ ಟೀಮಲ್ಲಿ ಒಂದು ಐಜೆಪಿ ಬಂದಿದೆ. ಹಾಕೋಣ ಅಂತಿದ್ದೀನಿ. ಹಾಕೋ ಮುಂಚೆ ನಿಮಗೆ ಹೇಳ್ಬೇಕಿತ್ತು. ಆಯ್ಕೆಯಾದ್ರೆ ಎರಡು ತಿಂಗಳ ಕೊನೆ ಮುಗಿಸಿಕೊಟ್ಟೇ ಹೋಗ್ತೀನಿ, ಲೆಕ್ಕ ಇಲ್ಲಿದೆ.” ‘ಇಲ್ಲಿ ಬೆಳವಣಿಗೆ ಇಲ್ಲ’ ಎನ್ನಬೇಡಿ, ಅದನ್ನು ಅವರು ತಮ್ಮ ಮೇಲಿನ ದೂರೆಂದೇ ಕೇಳಿಸಿಕೊಳ್ಳುತ್ತಾರೆ. ಹೊರಗಿನ ಆಫರ್ ತೋರಿಸಿ ಹೆದರಿಸಲಂತೂ ಹೋಗಬೇಡಿ. ಐಜೆಪಿ ಕೈತಪ್ಪಿದರೂ ಅಂದಿನಿಂದ ನೀವು ‘ಹೋಗುವವರ’ ಪಟ್ಟಿಯಲ್ಲಿರುತ್ತೀರಿ.

“ಈ ರಿಲೀಸ್ ಮುಗೀಲಿ, ನೋಡೋಣ” ಎಂಬ ಉತ್ತರ ಬಂದರೆ ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಅಲ್ಲೇ ಕೂತು “ರಿಲೀಸ್ ಆಗಿ ಎಷ್ಟು ದಿನಕ್ಕೆ, ಸರ್?” ಎಂದು ಕೇಳಿ. ರಿಲೀಸ್ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ತಾರೀಕು ಬೇಕು. ಸಿಕ್ಕ ದಿನವೇ ಮೂರು ಸಾಲಿನ ಮೇಲ್ ಕಳಿಸಿ: ಏನು ಮಾತಾಯಿತು, ಯಾವ ತಾರೀಕು, ಅಷ್ಟರಲ್ಲಿ ಏನೇನು ಕಲಿಸುತ್ತೀರಿ. ಈ ಮೇಲ್‌ಗೆ ಎಚ್‌ಆರ್‌ ಅನ್ನು ಸೇರಿಸಬೇಡಿ, ಸಹಾಯದ ಮಾತು ದೂರಿನ ರೂಪ ತಾಳುತ್ತದೆ. ಒಪ್ಪಿದ ತಾರೀಕು ದಾಟಿದ ಮೇಲೂ ಎಳೆದಾಡಿದರೆ ಆಗ ಅದೇ ಮೇಲ್ ಹಿಡಿದು ಎಚ್‌ಆರ್ ಬಳಿ ಹೋಗಿ.

4. ಅರ್ಜಿ, ಸಂದರ್ಶನ. ಫಲಿತಾಂಶ ಬರುವ ತನಕ ಟೀಮಿನವರಿಗೆ ಹೇಳಬೇಡಿ.

5. ಹೊರಡುವ ಮುನ್ನ ಅಪ್ರೈಸಲ್ ಭದ್ರ ಮಾಡಿಕೊಳ್ಳಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ವರ್ಷ ಲೆಕ್ಕ ಹಾಕುವ ಕಂಪನಿಯಲ್ಲಿ ಜನವರಿಯ ನಂತರ ಜಾಗ ಬದಲಿಸಿದವರಿಗೆ ಪೆಟ್ಟು ಬೀಳುವುದು ಇಲ್ಲಿ. ಎರಡು ತಿಂಗಳಷ್ಟೇ ನಿಮ್ಮನ್ನು ನೋಡಿದ ಹೊಸ ಮ್ಯಾನೇಜರ್, ಗೊತ್ತಿಲ್ಲದ್ದಕ್ಕೆ ನಡುವಿನ ಅಂಕ ಹಾಕಿ ಸುಮ್ಮನಾಗುತ್ತಾರೆ. ಕೊನೆಯ ದಿನಕ್ಕೆ ಮುಂಚೆ ಹಳೆಯ ಮ್ಯಾನೇಜರ್ ನಿಮ್ಮ ಒಂಬತ್ತು-ಹತ್ತು ತಿಂಗಳ ಕೆಲಸದ ಅಭಿಪ್ರಾಯವನ್ನು ಸಿಸ್ಟಮ್‌ನಲ್ಲೇ ಬರೆಯಲಿ. ಬಾಯಿಮಾತಿನಲ್ಲಿ “ನಾನು ಹೇಳ್ತೀನಿ ಬಿಡಿ” ಎಂದರೆ ಸಾಲದು. ಅವರಿಗೆ ಸುಲಭವಾಗಲು ಮುಖ್ಯ ಕೆಲಸಗಳ ಐದು ಸಾಲು ನೀವೇ ಬರೆದುಕೊಡಿ.

ಹೋದ ಮೇಲೆ ಹಳೆಯ ಟೀಮಿನ ಸಂದೇಹಗಳಿಗೆ ಮೊದಲ ಎರಡು ವಾರ ದಿನಕ್ಕೆ ಅರ್ಧ ಗಂಟೆ ಕೊಡಿ, ಹೊಸ ಮ್ಯಾನೇಜರ್‌ಗೂ ಅದನ್ನು ಮೊದಲೇ ತಿಳಿಸಿರಿ. ಮೂರನೆಯ ವಾರವೂ ಫೋನ್ ಬರುತ್ತಿದ್ದರೆ ಕಲಿಸುವಾಗಿನ ಎರಡನೆಯ ತಿಂಗಳ ಕೊನೆಯಲ್ಲಿ ಕೆಲಸ ಮಾಡಿದ್ದು ಹೊಸಬನಲ್ಲ, ನೀವೇ ಎಂದರ್ಥ.