ಬಟ್ಟಲು ಬದಲಿಸಿದರೂ ನಿಲ್ಲದ ಮೈಕ್ರೋವೇವ್ ಕಿಡಿ

ಚಿನ್ನದ ಬಣ್ಣದ ಅಂಚಿದ್ದ ಪಿಂಗಾಣಿ ಬಟ್ಟಲಿನಲ್ಲಿ ಸಾರು ಬಿಸಿಮಾಡಲು ಇಟ್ಟ ಕೆಲವೇ ಕ್ಷಣಗಳಲ್ಲಿ ನಮ್ಮ ಮೈಕ್ರೋವೇವ್‌ನೊಳಗೆ ಚಟಚಟ ಸದ್ದಿನೊಂದಿಗೆ ಕಿಡಿಗಳು ಹಾರಿದವು. ಆ ಅಂಚು ಬರಿಯ ಬಣ್ಣವಲ್ಲ, ತೆಳುವಾದ ಲೋಹದ ಲೇಪ. ಸೂಕ್ಷ್ಮ ತರಂಗಗಳು ಅದರಲ್ಲಿ ವಿದ್ಯುತ್ತನ್ನು ಹರಿಸುತ್ತವೆ, ಲೇಪ ಸವೆದು ಬಿರುಕುಬಿಟ್ಟ ಕಡೆ ಆ ವಿದ್ಯುತ್ತು ಗಾಳಿಯಲ್ಲಿ ಹಾರಿ ಕಿಡಿಯಾಗುತ್ತದೆ. ಮುದುಡಿದ ಅಲ್ಯೂಮಿನಿಯಂ ಹಾಳೆ ಮತ್ತು ಫೋರ್ಕಿನ ಮೊನೆಗಳೂ ಹೀಗೆಯೇ ಕಿಡಿ ಹಾರಿಸುತ್ತವೆ.

ಆದರೆ ಮರುದಿನ ಸಾದಾ ಗಾಜಿನ ಬಟ್ಟಲನ್ನು ಇಟ್ಟಾಗಲೂ ಕಿಡಿ ಬಂದದ್ದು ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡಿತು. ಪ್ಲಗ್ ಕಿತ್ತು ಟಾರ್ಚ್ ಹಾಕಿ ನೋಡಿದಾಗ, ತರಂಗಗಳು ಒಳಬರುವ ಕಿಂಡಿಯನ್ನು ಮುಚ್ಚಿರುವ, ಬಲಗೋಡೆಯ ರಟ್ಟಿನಂಥ ಮೈಕಾ ಹಾಳೆಯ ಮೇಲೆ ಕಪ್ಪಗೆ ಸುಟ್ಟ ಕಲೆ ಕಾಣಿಸಿತು. ಹಳೆಯ ಎಣ್ಣೆಯ ಜಿಡ್ಡು ಕಿಡಿಗೆ ಸುಟ್ಟು ಇಂಗಾಲವಾಗಿತ್ತು. ಇಂಗಾಲವೂ ವಿದ್ಯುತ್ತನ್ನು ಹರಿಯಗೊಡುವುದರಿಂದ, ಲೋಹದ ಪಾತ್ರೆ ಇಲ್ಲದಿದ್ದರೂ ಅಲ್ಲೇ ಮತ್ತೆ ಕಿಡಿ ಹುಟ್ಟುತ್ತಿತ್ತು.

ಒಳಗಡೆಯಿಂದಲೇ ಸ್ಕ್ರೂ ಬಿಚ್ಚಿ ಹಾಳೆಯನ್ನು ತೆಗೆದೆ, ಹಿಂದಿನ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿದೆ, ಬಿಡಿಭಾಗದ ಅಂಗಡಿಯಿಂದ ತಂದ ಹೊಸ ಮೈಕಾ ಹಾಳೆಯನ್ನು ಹಳೆಯದರ ಅಳತೆಗೆ ಕತ್ತರಿಸಿ ಕೂರಿಸಿದೆ. ಒಂದು ಲೋಟ ನೀರಿಟ್ಟು 1 ನಿಮಿಷ ಓಡಿಸಿದಾಗ ಕಿಡಿ ಬರಲಿಲ್ಲ.

ಹೊರಕವಚವನ್ನು ಮಾತ್ರ ನಾನು ಬಿಚ್ಚಲಿಲ್ಲ, ಏಕೆಂದರೆ ಪ್ಲಗ್ ಕಿತ್ತ ಮೇಲೂ ಅಲ್ಲಿನ ಕೆಪಾಸಿಟರ್‌ನಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ತು ಉಳಿದಿರಬಹುದು. ಒಳಗೋಡೆಯ ಬಣ್ಣ ಸುಟ್ಟು ಲೋಹ ಕಾಣಿಸುತ್ತಿದ್ದರೆ ಅಥವಾ ತೂತು ಬಿದ್ದಿದ್ದರೆ ಹಾಳೆ ಬದಲಿಸಿದರೆ ಸಾಲದು. ಅಂಥ ಯಂತ್ರವನ್ನು ಬಳಸುವುದನ್ನು ನಿಲ್ಲಿಸಿ ತಂತ್ರಜ್ಞರಿಗೆ ತೋರಿಸಬೇಕು.